ಹಬ್ಬ ಮುಗಿದ ಮೇಲಿನ ಲೆಕ್ಕ

ನಮ್ಮ ಊರುಗಳ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಯನ್ನು ನೀವೂ ನೋಡಿರುತ್ತೀರಿ. ಮಕ್ಕಳು ಮನೆಯಿಂದ ಸೊಪ್ಪು, ತೆಂಗಿನಕಾಯಿ, ಚುರುಮುರಿ ತಂದು ಶಾಲೆಯ ಅಂಗಳದಲ್ಲಿ ಹರಡಿಕೊಂಡು ಕೂರುತ್ತಾರೆ. ಅಪ್ಪ, ಅಮ್ಮ, ಮೇಷ್ಟ್ರು ಬಂದು ಕೊಳ್ಳುತ್ತಾರೆ. ಸಂಜೆ ಕೈಯಲ್ಲಿ ಇನ್ನೂರು ರೂಪಾಯಿ ಇದ್ದರೆ ಅಷ್ಟೂ ಲಾಭ ಎಂದೇ ಮಗು ತಿಳಿಯುತ್ತದೆ. ತಂದ ಸೊಪ್ಪಿಗೆ ಅಸಲು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕೂಡುವುದು, ಕಳೆಯುವುದು, ಚಿಲ್ಲರೆ ಕೊಡುವುದನ್ನು ಕಲಿಸಲು ಇದು ಬಹಳ ಒಳ್ಳೆಯ ಉಪಾಯ. ಆದರೆ ವ್ಯಾಪಾರ ಕಲಿಸುತ್ತದೆಯೇ? ದೆಹಲಿಗೆ ಬಂದ ಮೇಲೆ ಈ ಪ್ರಶ್ನೆ ಬೇರೆ ರೂಪದಲ್ಲಿ ನನ್ನ ಎದುರಿಗೆ ಬಂತು.

ದೆಹಲಿ ಸರ್ಕಾರ 2019ರಲ್ಲಿ ತನ್ನ ಶಾಲೆಗಳ 9ರಿಂದ 12ನೇ ತರಗತಿಯ ಮಕ್ಕಳಿಗೆ ಉದ್ಯಮಶೀಲತೆಯ ಪಠ್ಯಕ್ರಮವೊಂದನ್ನು ತಂದಿತು. ಇದಕ್ಕೆ ಪರೀಕ್ಷೆ ಇರಲಿಲ್ಲ. ಕಥೆ, ಚಟುವಟಿಕೆ, ಚರ್ಚೆಗಳ ಮೂಲಕವೇ ಪಾಠ. 2021ರಲ್ಲಿ ಅದಕ್ಕೆ ‘ಬಿಸಿನೆಸ್ ಬ್ಲಾಸ್ಟರ್ಸ್’ ಎಂಬ ಯೋಜನೆ ಸೇರಿತು. 11 ಮತ್ತು 12ನೇ ತರಗತಿಯ ಮಕ್ಕಳು ತಂಡ ಕಟ್ಟಿಕೊಂಡು ಒಂದು ವ್ಯಾಪಾರ ಯೋಚಿಸಬೇಕು. ಅದು ಒಪ್ಪಿಗೆಯಾದರೆ ತಲಾ 2,000 ರೂಪಾಯಿ ಬಂಡವಾಳ. ಅಂದರೆ ಪಾಠದ ಮಧ್ಯೆ ನಿಜವಾದ ದುಡ್ಡು ಬಂದು ಕೂತಿತು. ಚೆನ್ನಾಗಿ ಮಾಡಿದ ತಂಡಗಳು ಟಿ.ವಿ. ಕಾರ್ಯಕ್ರಮದಲ್ಲೂ ಕಾಣಿಸಿಕೊಂಡವು.

2022ರಲ್ಲಿ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ನಾನು ಪೂರ್ವ ದೆಹಲಿಯ ಒಂದು ಶಾಲೆಯ ಐದು ಮಕ್ಕಳ ತಂಡದ ಲೆಕ್ಕ ನೋಡಲು ವಾರಾಂತ್ಯಗಳಲ್ಲಿ ಹೋಗುತ್ತಿದ್ದೆ. ಅವರ ಬಂಡವಾಳ 10,000 ರೂಪಾಯಿ. ದೀಪಾವಳಿಗೆ ಮಣ್ಣಿನ ಹಣತೆ ತಂದು, ಬಣ್ಣ ಬಳಿದು, ಆರಾರರ ಡಬ್ಬಿ ಮಾಡಿ ಮಾರುವುದು ಅವರ ಯೋಜನೆ.

ಆರು ಹಣತೆಗೆ 12 ರೂಪಾಯಿ, ಬಣ್ಣ ಮತ್ತು ಮಿನುಗುಪುಡಿಗೆ 9, ಡಬ್ಬಿಗೆ 14. ಒಟ್ಟು ಅಸಲು 35. ಮಾರುವ ಬೆಲೆ 60. ಇನ್ನೂರು ಡಬ್ಬಿಗೆ 7,000 ರೂಪಾಯಿ ಹಾಕಿದರು. ಹಬ್ಬ ಮುಗಿದಾಗ 150 ಡಬ್ಬಿ ಮಾರಾಟವಾಗಿದ್ದವು. ಡಬ್ಬಿಗೆ 25 ರೂಪಾಯಿಯಂತೆ 3,750 ರೂಪಾಯಿ ಲಾಭ ಎಂದು ಮಕ್ಕಳು ಬೋರ್ಡಿನ ಮೇಲೆ ಬರೆದು ಚಪ್ಪಾಳೆ ತಟ್ಟಿದರು.

‘ಸರಿ, ಪೆಟ್ಟಿಗೆಯಲ್ಲಿರುವ ದುಡ್ಡು ಎಣಿಸಿ’ ಎಂದೆ. ಎಣಿಸಿದರೆ 11,000 ರೂಪಾಯಿ ಇತ್ತು. ಹೊರಟಿದ್ದು 10,000ದಿಂದ. ಅಂದರೆ ಹೆಚ್ಚಾದದ್ದು ಒಂದೇ ಸಾವಿರ. ಉಳಿದ 2,750 ಎಲ್ಲಿ ಹೋಯಿತು?

ಅದನ್ನು ಹುಡುಕಲು ಒಂದು ಇಡೀ ಶನಿವಾರ ಬೇಕಾಯಿತು. ನನ್ನ ಪ್ರಕಾರ ಆ ಯೋಜನೆಯಲ್ಲಿ ಮಕ್ಕಳು ನಿಜವಾಗಿ ಕಲಿತದ್ದು ಅವತ್ತೇ. ಸದರ್ ಬಜಾರಿನಿಂದ ಸಾಮಾನು ತಂದ ಆಟೋಕ್ಕೆ 600, ಮೇಜು ಬಾಡಿಗೆಗೆ 400. ಇವೆರಡನ್ನೂ ಯಾರೂ ಬರೆದಿಟ್ಟಿರಲಿಲ್ಲ. ಇನ್ನು ಮಾರಾಟವಾಗದ 50 ಡಬ್ಬಿ. ಅವುಗಳಲ್ಲಿ 20 ಒಡೆದಿದ್ದವು, 30 ಹಾಗೇ ಉಳಿದಿದ್ದವು. ಅವುಗಳ ಅಸಲು 1,750. ಲೆಕ್ಕ ಕೂಡಿತು.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಒಂದು ಡಬ್ಬಿ ತಯಾರಿಸಲು ಎಷ್ಟು ಹೊತ್ತು ಬೇಕು? ಇಪ್ಪತ್ತು ನಿಮಿಷ ಅಂದರು. ಇನ್ನೂರು ಡಬ್ಬಿಗೆ ಸುಮಾರು 67 ಗಂಟೆ. ಸಾವಿರ ರೂಪಾಯಿಯನ್ನು ಅದಕ್ಕೆ ಹಂಚಿದರೆ ಗಂಟೆಗೆ 15 ರೂಪಾಯಿ ಕೂಲಿ. ಮಾರುತ್ತ ನಿಂತ ಹೊತ್ತು ಇದರಲ್ಲಿ ಸೇರಿಲ್ಲ. ಕೊಂಡವರ ಪಟ್ಟಿ ನೋಡಿದರೆ 150ರಲ್ಲಿ 90 ಡಬ್ಬಿ ಟೀಚರುಗಳು, ನೆಂಟರು, ಅಕ್ಕಪಕ್ಕದ ಮನೆಯವರ ಪಾಲು. ಅಪರಿಚಿತರು ಕೊಂಡದ್ದು 60 ಮಾತ್ರ. ಮಕ್ಕಳ ಮೇಲಿನ ಪ್ರೀತಿಗೆ ಕೊಂಡವರನ್ನು ಗಿರಾಕಿ ಎಂದು ಲೆಕ್ಕ ಹಾಕಿದರೆ ಮುಂದಿನ ವರ್ಷದ ಅಂದಾಜು ಖಂಡಿತ ತಪ್ಪುತ್ತದೆ. ಮಕ್ಕಳ ಸಂತೆಯ ತೊಡಕೂ ಇದೇ.

ತಂಡದಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗಿಯ ಅಪ್ಪ ತಳ್ಳುಗಾಡಿಯಲ್ಲಿ ತರಕಾರಿ ಮಾರುವವರು. ಅವಳು ತುಂಬ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳಿದಳು. ‘ಸರ್, ನಮ್ಮಪ್ಪ ರಾತ್ರಿ ಒಂಬತ್ತಕ್ಕೆ ಉಳಿದ ಟೊಮೆಟೊ ಅಸಲಿಗಿಂತ ಕಡಿಮೆಗೆ ಕೊಟ್ಟುಬಿಡ್ತಾರೆ. ಹಬ್ಬದ ಹಿಂದಿನ ರಾತ್ರಿ ನಾವ್ಯಾಕೆ ಬೆಲೆ ಇಳಿಸಲಿಲ್ಲ?’

ಕಾರಣ ಸರಳ. 35ಕ್ಕಿಂತ ಕೆಳಗೆ ಮಾರಿದರೆ ನಷ್ಟ ಎಂದು ಅವರು ನಂಬಿದ್ದರು. ಆದರೆ ಆ 35 ಆಗಲೇ ಖರ್ಚಾಗಿ ಹೋಗಿತ್ತು. ಹಬ್ಬದ ಹಿಂದಿನ ರಾತ್ರಿ ಡಬ್ಬಿಗೆ ಇಪ್ಪತ್ತು ರೂಪಾಯಿ ಸಿಕ್ಕರೂ ಅದು ಬಂದ ದುಡ್ಡೇ. ಮೂವತ್ತು ಡಬ್ಬಿಯಿಂದ 600 ರೂಪಾಯಿ ಬರುತ್ತಿತ್ತು. ನಾನು ಎಂ.ಟೆಕ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ವರ್ಷಗಟ್ಟಲೆ ದುಡಿದ ಪ್ರಾಜೆಕ್ಟೊಂದನ್ನು ಕೈಬಿಡುವಾಗ ಕಷ್ಟಪಟ್ಟು ಅರಗಿಸಿಕೊಂಡ ಪಾಠವಿದು. ಆ ಹುಡುಗಿಯ ಮನೆಯಲ್ಲಿ ಅದು ದಿನಾ ರಾತ್ರಿ ನಡೆಯುತ್ತಿತ್ತು. ಮನೆಯಲ್ಲಿ ಕಂಡದ್ದನ್ನು ಅಂಕಿಯಾಗಿ ಕಾಗದದ ಮೇಲೆ ಇಳಿಸುವುದಕ್ಕೆ ಮಾತ್ರ ಶಾಲೆ ಬೇಕಾಯಿತು.

ಹಾಗಾದರೆ ಶಾಲೆ ವ್ಯಾಪಾರ ಕಲಿಸಬಲ್ಲದೇ? ಈ ಬಗ್ಗೆ ನೆದರ್ಲೆಂಡ್ಸ್‌ನಲ್ಲಿ ಎರಡು ಗಂಭೀರ ಅಧ್ಯಯನಗಳು ನಡೆದಿವೆ. 2010ರಲ್ಲಿ ಪ್ರಕಟವಾದ ಮೊದಲನೆಯದು, ವೃತ್ತಿಪರ ಕಾಲೇಜಿನಲ್ಲಿ ಪುಟ್ಟ ಕಂಪನಿ ನಡೆಸಿದ ವಿದ್ಯಾರ್ಥಿಗಳನ್ನು ನಡೆಸದವರ ಜೊತೆ ಹೋಲಿಸಿತು. ಉದ್ಯಮಕ್ಕೆ ಬೇಕಾದ ಕೌಶಲಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸ್ವಂತ ಉದ್ಯಮ ಮಾಡುವ ಆಸೆಯಂತೂ ಕಡಿಮೆಯೇ ಆಗಿತ್ತು. 2014ರ ಇನ್ನೊಂದು, 11-12 ವಯಸ್ಸಿನ ಮಕ್ಕಳ ಮೇಲೆ ನಡೆದದ್ದು. ಅಲ್ಲಿ ವ್ಯಾಪಾರದ ಜ್ಞಾನ ಹೆಚ್ಚಲಿಲ್ಲ, ಆದರೆ ಆತ್ಮವಿಶ್ವಾಸ, ಛಲದಂಥ ಗುಣಗಳು ಹೆಚ್ಚಿದವು.

ಆಸೆ ಕಡಿಮೆಯಾದದ್ದನ್ನು ನಾನು ಸೋಲು ಎನ್ನುವುದಿಲ್ಲ. ಗಂಟೆಗೆ 15 ರೂಪಾಯಿ ಕೂಲಿ ಎಂದು ಹದಿನಾರನೇ ವಯಸ್ಸಿನಲ್ಲಿ, ಸರ್ಕಾರದ ದುಡ್ಡಿನಲ್ಲಿ ತಿಳಿಯುವುದು ಮೇಲು. ಮೂವತ್ತನೇ ವಯಸ್ಸಿನಲ್ಲಿ ಅಮ್ಮನ ಒಡವೆ ಅಡವಿಟ್ಟು ತಿಳಿದರೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಧೈರ್ಯ, ಗಿರಾಕಿಯ ಮನಸ್ಸನ್ನು ಓದುವ ಚಾತುರ್ಯ ಇವನ್ನೆಲ್ಲ ಶಾಲೆ ಕಲಿಸುತ್ತದೆ ಎಂದು ನನಗನ್ನಿಸುವುದಿಲ್ಲ. ಅಸಲು ಲೆಕ್ಕ, ಉಳಿದ ಮಾಲಿನ ಲೆಕ್ಕ, ಸ್ವಂತ ಶ್ರಮದ ಲೆಕ್ಕವನ್ನು ಖಂಡಿತ ಕಲಿಸಬಹುದು. ಅದಕ್ಕೆ ನಿಜವಾದ ದುಡ್ಡು ಇರಬೇಕು, ನಷ್ಟವನ್ನು ನಷ್ಟ ಎಂದು ಹೇಳಿದರೆ ಮಗುವಿಗೆ ಪೆಟ್ಟಾಗಬಾರದು.

ಎಡವುವುದು ಈ ಕೊನೆಯ ಷರತ್ತಿನಲ್ಲೇ. ಮುಂದಿನ ಸುತ್ತಿನ ಆಯ್ಕೆಗೆ ತಂಡಗಳು ಲಾಭ ತೋರಿಸಬೇಕಿತ್ತು. ಬೋರ್ಡಿನ ಮೇಲಿದ್ದ 3,750ನ್ನೇ ಹೇಳೋಣ ಎಂದು ಇಬ್ಬರು ಹುಡುಗರು ಹಟ ಹಿಡಿದರು. ಆ ಹುಡುಗಿ ಒಪ್ಪದೆ, 1,000 ಎಂದು ಬರೆದು, ಕೆಳಗೆ ಉಳಿದ ಡಬ್ಬಿಗಳ ಸಂಖ್ಯೆಯನ್ನೂ ಬರೆದಳು. ತಂಡ ಆಯ್ಕೆಯಾಗಲಿಲ್ಲ. ಹುಡುಗರು ಒಂದು ವಾರ ಅವಳ ಜೊತೆ ಮಾತು ಬಿಟ್ಟರು. ತೀರ್ಪುಗಾರರು ಭಾಷಣ ಕೇಳಿದ್ದರು, ಚಾರ್ಟು ನೋಡಿದ್ದರು. ಲೆಕ್ಕದ ಪುಸ್ತಕವನ್ನು ತೆರೆದು ನೋಡಿರಲಿಲ್ಲ.

ದೆಹಲಿಯಲ್ಲಿ 2025ರಲ್ಲಿ ಸರ್ಕಾರ ಬದಲಾಗಿ, ಈ ಪಠ್ಯಕ್ರಮದ ಜಾಗಕ್ಕೆ ‘ನೀವ್’ ಎಂಬ ಹೊಸದು ಬಂದಿದೆ. ಹೆಸರು ಯಾವುದಾದರೂ ಇರಲಿ, ನಿಮ್ಮ ಮಗುವಿನ ಶಾಲೆಯಲ್ಲಿ ಇಂಥದ್ದೊಂದು ನಡೆದರೆ ಎಷ್ಟು ಲಾಭ ಬಂತು ಎಂದು ಮೊದಲು ಕೇಳಬೇಡಿ. ಎಷ್ಟು ಉಳಿಯಿತು, ಕೊಂಡವರಲ್ಲಿ ಗುರುತಿಲ್ಲದವರು ಎಷ್ಟು ಮಂದಿ ಎಂದು ಕೇಳಿ. ಉತ್ತರ ತಟ್ಟನೆ ಬಂದರೆ ಆ ಶಾಲೆ ಏನನ್ನೋ ಕಲಿಸಿದೆ ಎಂದರ್ಥ.

ಉಳಿದ ಮೂವತ್ತರಲ್ಲಿ ಒಂದು ಡಬ್ಬಿ ನಮ್ಮ ಮನೆಯಲ್ಲಿದೆ. ಕೊನೆಯ ದಿನ ಆ ಹುಡುಗಿಯ ಕೈಗೆ 60 ರೂಪಾಯಿ ಕೊಡಲು ಹೋದೆ. ಅವಳು 20 ತೆಗೆದುಕೊಂಡು ಉಳಿದದ್ದನ್ನು ವಾಪಸ್ ಕೊಟ್ಟಳು. ‘ಹಬ್ಬ ಮುಗಿದಿದೆ ಸರ್’ ಅಂದಳು.