ಹಿಂಬದಿಯ ಮುಖ ಏಕೆ ಸಿಗುವುದಿಲ್ಲ?

ಬ್ಲೆಂಡರ್‌ನಲ್ಲಿ ಚಾಂಪಿಯನ್ ರೀಫ್ ಗಣಿಯ ಉಕ್ಕಿನ ಗೋಪುರ ಮಾಡುತ್ತಿದ್ದೇನೆ. ಕಂಬದ ಹಿಂಬದಿಯ ಮುಖಗಳು ಆಯ್ಕೆಯಾಗುವುದೇ ಇಲ್ಲ, ಏಕೆ?
ಓದುಗರೊಬ್ಬರು, ಬಂಗಾರಪೇಟೆ

ಕೆಜಿಎಫ್‌ಗೆ ಹೋಗಿ ಗೋಪುರವನ್ನು ಒಂದು ಸುತ್ತು ಹಾಕಿದರೆ ಹಿಂಬದಿ ಕಾಣುತ್ತದೆ. ಮೌಸ್‌ನ ಚಕ್ರವನ್ನು ಒತ್ತಿ ಹಿಡಿದು ಎಳೆಯುವುದೆಂದರೆ ಹಾಗೆ ಸುತ್ತು ಹಾಕಿದಂತೆ. ಜೊತೆಗೆ `Shift` ಒತ್ತಿದರೆ ಪಕ್ಕಕ್ಕೆ ಸರಿದಂತೆ. ಚಕ್ರ ಉರುಳಿಸಿದರೆ ಹತ್ತಿರ ಹೋದಂತೆ. ಗೋಪುರ ನಿಂತಲ್ಲೇ ಇರುತ್ತದೆ, ಅಲೆಯುವುದು ನಿಮ್ಮ ಕಣ್ಣು. ಹತ್ತಿರ ಹೋಗುವುದು ಅರ್ಧದಲ್ಲೇ ನಿಂತರೆ, ಬೇಕಾದ ಭಾಗವನ್ನು ಆಯ್ದು, ಕೀಲಿಮಣೆಯ ಬಲಬದಿಯ ಅಂಕಿಗಳ ಜೊತೆಗಿರುವ `.` ಒತ್ತಿ. ಸುತ್ತುವ ಕೇಂದ್ರ ಅಲ್ಲಿಗೇ ಬರುತ್ತದೆ.

ಇನ್ನು ಆಯ್ಕೆಯ ವಿಷಯ. ಎಡಿಟ್ ಮೋಡ್‌ನಲ್ಲಿ ಚೌಕ ಎಳೆದಾಗ ತಂತ್ರಾಂಶವು ನಿಮಗೆ ಕಾಣುವ ಮುಖಗಳನ್ನಷ್ಟೇ ಹಿಡಿಯುತ್ತದೆ. `Alt Z` ಒತ್ತಿದರೆ ಕಂಬ ಗಾಜಿನಂತಾಗಿ, ಚೌಕ ಹಿಂಬದಿಗೂ ತಲುಪುತ್ತದೆ. ಕೆಲಸ ಮುಗಿದೊಡನೆ ಅದನ್ನೇ ಮತ್ತೆ ಒತ್ತಿ ಮೊದಲಿನಂತೆ ಮಾಡಿ. ಮರೆತರೆ ಮುಂಬದಿಯ ಮುಖವನ್ನು ಚೌಕದಿಂದ ಆಯ್ದು ಎಳೆಯುವಾಗ ಹಿಂದಿನದೂ ಜಗ್ಗಿ, ಕಂಬ ಸೊಟ್ಟಗಾಗುತ್ತದೆ.