ಸೊನ್ನೆ ತಪ್ಪಿದ ಟಿಕೆಟ್

2015ರ ಫೆಬ್ರವರಿ 11ರಂದು ಯುನೈಟೆಡ್ ಏರ್‌ಲೈನ್ಸ್‌ನ ಡೆನ್ಮಾರ್ಕ್ ವೆಬ್‌ಸೈಟ್‌ನಲ್ಲಿ ಲಂಡನ್‌ನಿಂದ ಅಮೆರಿಕದ ನ್ಯೂವಾರ್ಕ್‌ಗೆ ಹೋಗುವ ಫಸ್ಟ್ ಕ್ಲಾಸ್ ಟಿಕೆಟ್ 491 ಡ್ಯಾನಿಶ್ ಕ್ರೋನ್‌ಗೆ ಸಿಗುತ್ತಿತ್ತು. ಡಾಲರ್ ಲೆಕ್ಕದಲ್ಲಿ ಸುಮಾರು 75. ಸಾವಿರಾರು ಡಾಲರ್ ಬೆಲೆಯ ಸೀಟು ಅದು. ಹೊರಗಿನ ಸಂಸ್ಥೆಯೊಂದರ ಸಾಫ್ಟ್‌ವೇರ್ ಪೌಂಡನ್ನು ಕ್ರೋನ್‌ಗೆ ಬದಲಾಯಿಸುವಾಗ ವಿನಿಮಯ ದರವನ್ನು ತಪ್ಪಾಗಿ ಹಾಕಿತ್ತು. ಸುದ್ದಿ ಹಬ್ಬುವುದು ತಡವಾಗಲಿಲ್ಲ, ಸಾವಿರಾರು ಮಂದಿ ಮುಗಿಬಿದ್ದು ಕೊಂಡರು. ಅದರಲ್ಲೊಂದು ತೊಡಕಿತ್ತು. ಹಣ ಕಟ್ಟುವ ಕೊನೆಯ ಹಂತದಲ್ಲಿ ಕಾರ್ಡಿನ ಬಿಲ್ ಯಾವ ದೇಶಕ್ಕೆ ಬರುತ್ತದೆ ಎಂಬ ಪ್ರಶ್ನೆಗೆ ‘ಡೆನ್ಮಾರ್ಕ್’ ಎಂದು ಉತ್ತರಿಸಿದರೆ ಮಾತ್ರ ಆ ಬೆಲೆ ಉಳಿಯುತ್ತಿತ್ತು. ಡೆನ್ಮಾರ್ಕ್‌ಗೆ ಕಾಲಿಡದವರೂ ಹಾಗೇ ಉತ್ತರಿಸಿ ಟಿಕೆಟ್ ಮಾಡಿಸಿದರು.

ಯುನೈಟೆಡ್ ಆ ಟಿಕೆಟ್‌ಗಳನ್ನೆಲ್ಲ ರದ್ದು ಮಾಡಿತು. ದೂರುಗಳು ಅಮೆರಿಕದ ಸಾರಿಗೆ ಇಲಾಖೆಗೆ ಹೋದವು. ಟಿಕೆಟ್ ಮಾರಿದ ಮೇಲೆ ವಿಮಾನ ಸಂಸ್ಥೆ ಬೆಲೆ ಏರಿಸುವಂತಿಲ್ಲ ಎಂಬ ನಿಯಮ ಅಲ್ಲಿ ಆಗಲೇ ಇತ್ತು, ತಪ್ಪಿ ಬಂದ ಬೆಲೆಗೂ ಅದನ್ನು ಅನ್ವಯಿಸಲಾಗುತ್ತಿತ್ತು. ಆದರೂ ಇಲಾಖೆ ಈ ಬಾರಿ ಪ್ರಯಾಣಿಕರ ಕೈಹಿಡಿಯಲಿಲ್ಲ. ಆ ವೆಬ್‌ಸೈಟ್ ಅಮೆರಿಕದ ಗ್ರಾಹಕರಿಗಾಗಿ ಇದ್ದದ್ದಲ್ಲ, ಕೊಂಡವರಲ್ಲಿ ಹೆಚ್ಚಿನವರು ದೇಶದ ಹೆಸರನ್ನೇ ಸುಳ್ಳು ಹೇಳಿದ್ದಾರೆ ಎಂದಿತು. ಎರರ್ ಫೇರ್ ಬೇಟೆಗೆ ಇಳಿಯುವವರು ಈ ಪ್ರಕರಣವನ್ನು ಮೊದಲು ಓದಿಕೊಳ್ಳಬೇಕು. ಬೆಲೆ ತಪ್ಪಿದ್ದು ಅವರದೇ ಕೈಯಿಂದಾದರೂ, ಫಾರ್ಮ್‌ನಲ್ಲಿ ನೀವು ತುಂಬಿದ ಒಂದು ಸುಳ್ಳು ನಿಮ್ಮ ವಾದವನ್ನು ಪೂರ್ತಿ ಕೆಡಿಸಬಹುದು.

ಇಂಥ ಬೆಲೆ ಹುಟ್ಟುವುದೆಲ್ಲಿ? ಬಹುತೇಕ ವಿಮಾನ ಸಂಸ್ಥೆಗಳು ತಮ್ಮ ದರಪಟ್ಟಿಯನ್ನು ಎಟಿಪಿಕೊ ಎಂಬ ಸಂಸ್ಥೆಗೆ ಸಲ್ಲಿಸುತ್ತವೆ. ಅಲ್ಲಿಂದ ಅದು ಅಮೇಡಿಯಸ್, ಸೇಬರ್, ಟ್ರಾವೆಲ್‌ಪೋರ್ಟ್‌ನಂಥ ಬುಕಿಂಗ್ ಜಾಲಗಳಿಗೂ ನೂರಾರು ಏಜೆಂಟರ ವೆಬ್‌ಸೈಟ್‌ಗಳಿಗೂ ಹರಿಯುತ್ತದೆ. ದಿನಕ್ಕೆ ಹಲವು ಬಾರಿ ಹೊಸ ದರ ಬರುತ್ತದೆ, ಹಳೆಯದು ಅಳಿಯುತ್ತದೆ. ಯಾರೋ ಒಬ್ಬರು ಸೊನ್ನೆ ಬಿಟ್ಟು ಟೈಪ್ ಮಾಡಿದರೆ ಆ ತಪ್ಪು ಕೂಡ ಅದೇ ದಾರಿಯಲ್ಲಿ ಊರೆಲ್ಲ ಸುತ್ತಿ ಬರುತ್ತದೆ. ತಪ್ಪು ಕಂಡುಹಿಡಿದು ತಿದ್ದುಪಡಿ ಕಳಿಸಿದರೂ ಅದು ಎಲ್ಲ ಕಡೆ ತಲುಪುವ ತನಕ ಟಿಕೆಟ್ ಮಾರಾಟವಾಗುತ್ತಲೇ ಇರುತ್ತದೆ.

ತಪ್ಪು ಬರೀ ಅಂಕಿಯದೇ ಆಗಬೇಕೆಂದಿಲ್ಲ. ಟಿಕೆಟ್ ಬೆಲೆಯಲ್ಲಿ ಮೂಲ ದರ, YQ ಅಥವಾ YR ಎಂದು ಬರೆಯುವ ಇಂಧನದ ಸರ್‌ಚಾರ್ಜ್, ಸರ್ಕಾರ ಮತ್ತು ವಿಮಾನ ನಿಲ್ದಾಣದ ತೆರಿಗೆ ಎಂದು ಮೂರು ಪಾಲು. ದೂರದ ಮಾರ್ಗಗಳಲ್ಲಿ ಸರ್‌ಚಾರ್ಜ್ ಮೂಲ ದರಕ್ಕಿಂತ ದೊಡ್ಡದಾಗಿರುವುದುಂಟು. ಅದು ಲೆಕ್ಕದಿಂದ ಬಿಟ್ಟುಹೋದರೆ ಬೆಲೆ ತಟ್ಟನೆ ಕುಸಿಯುತ್ತದೆ. ಇನ್ನೊಂದು ತಪ್ಪು ಅಕ್ಷರದ್ದು. ಪ್ರತಿ ದರಕ್ಕೂ ಒಂದು ಇಂಗ್ಲಿಷ್ ಅಕ್ಷರದ ಗುರುತಿರುತ್ತದೆ. 2014ರ ಡಿಸೆಂಬರ್‌ನಲ್ಲಿ ಸಿಂಗಪುರ್ ಏರ್‌ಲೈನ್ಸ್ ಅಷ್ಟರ ತನಕ ಎಕಾನಮಿಯದಾಗಿದ್ದ ಒಂದು ಅಕ್ಷರವನ್ನು ಬಿಸಿನೆಸ್ ಕ್ಲಾಸ್‌ಗೆ ಬದಲಾಯಿಸಿತು, ಆದರೆ ಆಸ್ಟ್ರೇಲಿಯಾದಲ್ಲಿ ಅದರ ಬೆಲೆ ಎಕಾನಮಿಯದೇ ಉಳಿಯಿತು. ಸುಮಾರು 400 ಬಿಸಿನೆಸ್ ಕ್ಲಾಸ್ ಟಿಕೆಟ್‌ಗಳು ಎಕಾನಮಿ ದರಕ್ಕೆ ಹೋದವು. ವ್ಯತ್ಯಾಸದ ಹಣವನ್ನು ಏಜೆಂಟರು ಪ್ರಯಾಣಿಕರಿಂದ ವಸೂಲು ಮಾಡಲಿ ಎಂದು ಸಂಸ್ಥೆ ಮೊದಲು ಹೇಳಿ, ಗದ್ದಲವಾದ ಮೇಲೆ ಆ ಟಿಕೆಟ್‌ಗಳನ್ನು ಹಾಗೇ ಒಪ್ಪಿಕೊಂಡಿತು.

ಹಾಗಂತ ಅಗ್ಗವಾದದ್ದೆಲ್ಲ ತಪ್ಪಲ್ಲ. ಬೆಂಗಳೂರಿನಿಂದಲೇ ಹಾರಾಟ ಶುರುಮಾಡಿದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಒಂದು ರೂಪಾಯಿಗೆ ಟಿಕೆಟ್ ಮಾರಿದ್ದು ನಮ್ಮವರಿಗೆ ನೆನಪಿದ್ದೀತು. ಅದು ಬೇಕೆಂದೇ ಮಾಡಿದ ಮಾರಾಟ, ಜಾಹೀರಾತು ಕೊಟ್ಟು, ಇಷ್ಟೇ ಸೀಟು ಎಂದು ಹೇಳಿ. ಬೇಕೆಂದು ಕೊಟ್ಟ ರಿಯಾಯಿತಿಗೆ ಷರತ್ತು, ಗಡುವು, ಸೀಟಿನ ಮಿತಿ ಇದ್ದೇ ಇರುತ್ತದೆ. ಇವು ಯಾವುವೂ ಇಲ್ಲದೆ, ತಿಂಗಳುಗಟ್ಟಲೆ ತಾರೀಖುಗಳಲ್ಲಿ, ಎಕಾನಮಿಗಿಂತ ಬಿಸಿನೆಸ್ ಕ್ಲಾಸ್ ಕಡಿಮೆಗೆ ಕಂಡರೆ ಅನುಮಾನಿಸಬೇಕು. ಬೆಲೆಯ ವಿವರ ತೆರೆದು ನೋಡಿದಾಗ ತೆರಿಗೆ ಎಂದಿನಷ್ಟೇ ಇದ್ದು ಮೂಲ ದರ ಮಾತ್ರ ಕಾಫಿ, ತಿಂಡಿಯ ದುಡ್ಡಿನಷ್ಟಿದ್ದರೆ ಅನುಮಾನವೂ ಬೇಡ.

ಗೊತ್ತಿದ್ದೂ ಕೊಂಡರೆ ಏನಾಗುತ್ತದೆ? ಸಿಂಗಪುರದ ಒಂದು ಪ್ರಸಿದ್ಧ ಮೊಕದ್ದಮೆಯಲ್ಲಿ ಇದಕ್ಕೆ ಉತ್ತರವಿದೆ, ಅದು ವಿಮಾನದ್ದಲ್ಲ, ಪ್ರಿಂಟರ್‌ನದು. 2003ರಲ್ಲಿ ಡಿಜಿಲ್ಯಾಂಡ್‌ಮಾಲ್ ಎಂಬ ಅಂಗಡಿ 3,854 ಸಿಂಗಪುರ ಡಾಲರ್‌ನ ಲೇಸರ್ ಪ್ರಿಂಟರನ್ನು ವೆಬ್‌ಸೈಟ್‌ನಲ್ಲಿ 66 ಡಾಲರ್ ಎಂದು ತಪ್ಪಾಗಿ ತೋರಿಸಿತು. ಆರು ಗೆಳೆಯರು ರಾತ್ರೋರಾತ್ರಿ 1,606 ಪ್ರಿಂಟರ್‌ಗಳಿಗೆ ಆರ್ಡರ್ ಹಾಕಿದರು. ಬೆಲೆ ತಪ್ಪೆಂದು ಗೊತ್ತೇ ಇರಲಿಲ್ಲ ಎಂದು ಅವರು ವಾದಿಸಿದರು. ಆ ರಾತ್ರಿ ಅವರು ಪರಸ್ಪರ ಮಾಡಿಕೊಂಡ ಚಾಟ್‌ಗಳೇ ಅವರಿಗೆ ಮುಳುವಾದವು. ಎದುರಿನವರ ತಪ್ಪು ಗೊತ್ತಿದ್ದೂ ಲಾಭ ಮಾಡಿಕೊಂಡರೆ ಆ ಒಪ್ಪಂದ ನಿಲ್ಲುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ನಮ್ಮ 1872ರ ಕರಾರು ಕಾಯ್ದೆಯ 22ನೇ ಸೆಕ್ಷನ್ ಮೇಲ್ನೋಟಕ್ಕೆ ಗ್ರಾಹಕನ ಪರವಾಗಿದೆ. ಒಬ್ಬರು ಮಾತ್ರ ತಪ್ಪು ತಿಳಿದಿದ್ದರು ಎಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕಲಾಗದು ಎನ್ನುತ್ತದೆ ಅದು. ಆದರೆ ಟಿಕೆಟ್ ಕೊಳ್ಳುವಾಗ ನಾವು ಓದದೆ ಒಪ್ಪಿಕೊಳ್ಳುವ ಷರತ್ತುಗಳಲ್ಲಿ ‘ಎದ್ದು ಕಾಣುವ ತಪ್ಪು ಬೆಲೆಯಾದರೆ ರದ್ದು ಮಾಡುತ್ತೇವೆ’ ಎಂಬ ಸಾಲನ್ನು ಹಲವು ಸಂಸ್ಥೆಗಳು ಸೇರಿಸಿರುತ್ತವೆ. ಆ ಸಾಲಿದ್ದರೆ 22ನೇ ಸೆಕ್ಷನ್ ನೆಚ್ಚಿಕೊಂಡು ಕೋರ್ಟಿಗೆ ಹೋಗುವುದು ದೂರದ ಮಾತು.

ಅಮೆರಿಕದ ಇಲಾಖೆಯೂ ಡೆನ್ಮಾರ್ಕ್ ಗಲಾಟೆ ಮುಗಿದ ಕೆಲವೇ ತಿಂಗಳಲ್ಲಿ, 2015ರ ಮೇ 8ರಂದು, ಪಟ್ಟು ಸಡಿಲಿಸಿತು. ಅಲ್ಲಿಂದಾಚೆ ಅಮೆರಿಕಕ್ಕೆ ಹೋಗಿಬರುವ ಪ್ರಯಾಣದಲ್ಲಿ ಬೆಲೆ ನಿಜಕ್ಕೂ ತಪ್ಪಿತ್ತೆಂದು ತೋರಿಸಿದರೆ ಸಂಸ್ಥೆ ಟಿಕೆಟ್ ರದ್ದು ಮಾಡಬಹುದು. ಅದಕ್ಕೆ ಪ್ರತಿಯಾಗಿ ಪೂರ್ತಿ ಹಣ ಹಿಂತಿರುಗಿಸಬೇಕು. ಜೊತೆಗೆ ಆ ಟಿಕೆಟ್ ನಂಬಿ ಪ್ರಯಾಣಿಕ ಮಾಡಿದ ಸಮಂಜಸವಾದ ಖರ್ಚನ್ನೂ ಕೊಡಬೇಕು, ಅದಕ್ಕೆ ದಾಖಲೆ ಇರಬೇಕು. ವಾಪಸ್ ಸಿಗದ ಹೋಟೆಲ್ ಹಣ, ಜೋಡಿಸಿಕೊಂಡ ಬೇರೆ ವಿಮಾನವನ್ನು ರದ್ದು ಮಾಡಿದ ದಂಡ ಇವೆಲ್ಲ ಅದರಲ್ಲಿ ಬರುತ್ತವೆ.

ಕಾನೂನು ಇಷ್ಟು ಅವಕಾಶ ಕೊಟ್ಟರೂ ಎಲ್ಲರೂ ರದ್ದು ಮಾಡುವುದಿಲ್ಲ. 2019ರ ಹೊಸ ವರ್ಷದ ದಿನ ಕ್ಯಾಥೆ ಪೆಸಿಫಿಕ್ ವಿಯೆಟ್ನಾಮ್‌ನಿಂದ ನ್ಯೂಯಾರ್ಕ್‌ಗೆ ಹೋಗಿಬರುವ ಬಿಸಿನೆಸ್ ಕ್ಲಾಸ್ ಟಿಕೆಟನ್ನು ಸುಮಾರು 675 ಡಾಲರ್‌ಗೆ ಮಾರಿಬಿಟ್ಟಿತ್ತು. ತಪ್ಪು ನಮ್ಮದೇ, ಟಿಕೆಟ್ ಸಿಕ್ಕವರು ಬನ್ನಿ ಎಂದು ಬಹಿರಂಗವಾಗಿಯೇ ಹೇಳಿತು. ಆಸ್ಟ್ರೇಲಿಯಾದ ಕ್ವಾಂಟಾಸ್ 2024ರಲ್ಲಿ ಮಧ್ಯದ ದಾರಿ ಹಿಡಿಯಿತು. ಅಮೆರಿಕಕ್ಕೆ ಫಸ್ಟ್ ಕ್ಲಾಸ್ ಟಿಕೆಟನ್ನು 85 ಶೇಕಡಾ ಕಡಿಮೆಗೆ ಕೊಂಡ ಸುಮಾರು 300 ಮಂದಿಗೆ, ಹೆಚ್ಚು ಹಣ ಕೇಳದೆ ಬಿಸಿನೆಸ್ ಕ್ಲಾಸ್ ಕೊಡುತ್ತೇವೆ, ಬೇಡವೆಂದರೆ ಹಣ ವಾಪಸ್ ಎಂದಿತು. 2009ರಲ್ಲಿ ಬ್ರಿಟಿಷ್ ಏರ್‌ವೇಸ್ ಅಮೆರಿಕದಿಂದ ಭಾರತಕ್ಕೆ 40 ಡಾಲರ್ ಮೂಲ ದರದ ಟಿಕೆಟ್ ಮಾರಿ ರದ್ದು ಮಾಡಿದಾಗ 300 ಡಾಲರ್ ವೋಚರ್ ಕೊಡಲು ಬಂದಿತ್ತು. ಊರಿಗೆ ಬರುವ ಕನಸಲ್ಲಿದ್ದವರಿಗೆ ಅದು ಸಮಾಧಾನವಾಗಿರಲಾರದು. ನನ್ನ ಅಂದಾಜಿನಲ್ಲಿ ಸಂಸ್ಥೆಗಳು ಲೆಕ್ಕ ಹಾಕುವುದು ಸರಳವಾಗಿಯೇ: ಎಷ್ಟು ಟಿಕೆಟ್ ಹೋಗಿದೆ, ರದ್ದು ಮಾಡಿದರೆ ಎಷ್ಟು ಹೆಸರು ಕೆಡುತ್ತದೆ.

ಈಗ ಬುಕಿಂಗ್ ವಿಷಯ. ಹನೋಯ್‌ನಿಂದ ಹಾಂಗ್‌ಕಾಂಗ್ ಮಾರ್ಗವಾಗಿ ನ್ಯೂಯಾರ್ಕ್‌ಗೆ ಅಂಥದೇ ಒಂದು ಟಿಕೆಟ್ ಬೆಂಗಳೂರಿನವರೊಬ್ಬರ ಕಣ್ಣಿಗೆ ಬಿತ್ತು ಎಂದಿಟ್ಟುಕೊಳ್ಳೋಣ. ಮೊದಲ ಕೆಲಸ ಸಾಧ್ಯವಾದಷ್ಟು ಸಂಸ್ಥೆಯ ಸ್ವಂತ ವೆಬ್‌ಸೈಟ್‌ನಲ್ಲೇ ಕೊಳ್ಳುವುದು. ಏಜೆಂಟರ ಸೈಟ್‌ನಲ್ಲಿ ಹಣ ಕಡಿತವಾದರೂ ಟಿಕೆಟ್ ಬರೆಯುವುದು ತಡವಾಗಬಹುದು, ಆ ನಡುವೆ ಬೆಲೆ ಸರಿಹೋದರೆ ‘ಸೀಟು ಸಿಗಲಿಲ್ಲ’ ಎಂಬ ಇಮೇಲ್ ಬರುತ್ತದೆ. ಆರು ಅಕ್ಷರ, ಅಂಕಿಗಳ ಪಿಎನ್‌ಆರ್ ಬಂದ ಮಾತ್ರಕ್ಕೆ ಟಿಕೆಟ್ ಬಂತೆಂದು ತಿಳಿಯಬಾರದು. ಪಿಎನ್‌ಆರ್ ಬರೀ ಕಾಯ್ದಿರಿಸಿದ ಗುರುತು. ಹದಿಮೂರು ಅಂಕಿಯ ಇ-ಟಿಕೆಟ್ ಸಂಖ್ಯೆ ಬಂದರೆ ಮಾತ್ರ ಟಿಕೆಟ್ ಆಗಿದೆ ಎಂದರ್ಥ. ಅದರ ಮೊದಲ ಮೂರು ಅಂಕಿ ಸಂಸ್ಥೆಯ ಗುರುತು, ಕ್ಯಾಥೆಗೆ 160, ಏರ್ ಇಂಡಿಯಾಕ್ಕೆ 098. ಅದು ಬರದಿದ್ದರೂ ಫೋನ್ ಮಾಡಿ ವಿಚಾರಿಸಬೇಡಿ. ಅನುಭವಸ್ಥರು ಇದನ್ನು ಪದೇಪದೇ ಹೇಳುತ್ತಾರೆ, ಏಕೆಂದರೆ ವಿಚಾರಿಸಿದವರಿಂದಲೇ ತಪ್ಪು ಸಂಸ್ಥೆಯ ಗಮನಕ್ಕೆ ಬರುವುದುಂಟು.

ಆಮೇಲಿನದು ಕಾಯುವ ಕೆಲಸ, ಹೆಚ್ಚಿನವರು ಎಡವುವುದು ಇಲ್ಲೇ. ಬೆಂಗಳೂರಿನಿಂದ ಹನೋಯ್‌ಗೆ ಹೋಗಲು ಬೇರೆ ಟಿಕೆಟ್ ಬೇಕು, ಅಲ್ಲಿ ಇಳಿದು ಮತ್ತೆ ಚೆಕ್-ಇನ್ ಮಾಡಲು ವಿಯೆಟ್ನಾಮ್ ವೀಸಾ ಬೇಕು, ನ್ಯೂಯಾರ್ಕ್‌ನಲ್ಲಿ ಹೋಟೆಲ್ ಬೇಕು. ಖುಷಿಯಲ್ಲಿ ಇವನ್ನೆಲ್ಲ ಅದೇ ರಾತ್ರಿ ಕೊಳ್ಳುವವರಿದ್ದಾರೆ. ಒಂದೆರಡು ವಾರ ಸುಮ್ಮನಿದ್ದು, ಸಂಸ್ಥೆ ಏನು ಹೇಳುತ್ತದೆ ನೋಡಿ, ಆಮೇಲೆ ಕೊಳ್ಳುವುದು ಲೇಸು. ಹೋಟೆಲ್ ಬೇಕೇ ಬೇಕಾದರೆ ರದ್ದು ಮಾಡಬಹುದಾದ್ದನ್ನು ಹಿಡಿಯಿರಿ. ಮೊದಲ ಹಾರಾಟ ಬಿಟ್ಟು ಹಾಂಗ್‌ಕಾಂಗ್‌ನಲ್ಲೇ ಹತ್ತಿಕೊಳ್ಳುತ್ತೇನೆ ಎಂಬ ಜಾಣತನ ನಡೆಯದು. ಮೊದಲ ಹಾರಾಟಕ್ಕೆ ಹಾಜರಾಗದಿದ್ದರೆ ಉಳಿದದ್ದೆಲ್ಲ ರದ್ದಾಗುತ್ತದೆ. ಅಮೆರಿಕದ ವೀಸಾ ಮೊದಲೇ ಕೈಯಲ್ಲಿ ಇಲ್ಲದಿದ್ದರೆ ಈ ಇಡೀ ವ್ಯವಹಾರವೇ ವ್ಯರ್ಥ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಗ್ಗದ ಟಿಕೆಟ್‌ಗಿಂತ ವೀಸಾ ಸಿಗುವುದೇ ಕಷ್ಟ ಎನ್ನುವುದನ್ನು ಈ ಬೇಟೆಯ ಕಥೆ ಬರೆಯುವ ಪಾಶ್ಚಾತ್ಯರು ಮರೆತೇ ಬಿಡುತ್ತಾರೆ.

ಕೊಂಡ ಮೇಲೆ ಮನಸ್ಸು ಬದಲಾದರೆ ಅಮೆರಿಕಕ್ಕೆ ಹೋಗಿಬರುವ ಟಿಕೆಟ್‌ಗಳಿಗೆ ಅಲ್ಲಿನ 24 ಗಂಟೆಯ ನಿಯಮ ನೆರವಾಗುತ್ತದೆ. ಹಾರಾಟಕ್ಕೆ ಏಳು ದಿನಕ್ಕಿಂತ ಮೊದಲು ಸಂಸ್ಥೆಯಿಂದಲೇ ನೇರವಾಗಿ ಕೊಂಡ ಟಿಕೆಟನ್ನು ಒಂದು ದಿನದೊಳಗೆ ದಂಡವಿಲ್ಲದೆ ಬಿಡಬಹುದು. ಕೆಲವು ಸಂಸ್ಥೆಗಳು ಇದರ ಬದಲು ಹಣ ಕಟ್ಟದೆ ಆ ಬೆಲೆಯನ್ನು ಒಂದು ದಿನ ಹಿಡಿದಿಡುವ ಸೌಲಭ್ಯವನ್ನಷ್ಟೇ ಕೊಡುತ್ತವೆ, ಯಾವುದು ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಸಂಸ್ಥೆಯೇ ರದ್ದು ಮಾಡಿದರೆ ಇಮೇಲ್ ಬರುತ್ತದೆ, ಕೆಲವೊಮ್ಮೆ ಅದೂ ಇಲ್ಲದೆ ಆ್ಯಪ್‌ನಿಂದ ಬುಕಿಂಗ್ ಮಾಯವಾಗುತ್ತದೆ. ಹಾಗಾಗಿ ಟಿಕೆಟ್ ಕೊಂಡ ಕ್ಷಣವೇ ರಸೀದಿ, ಬೆಲೆಯ ವಿವರದ ಪರದೆ, ಷರತ್ತುಗಳ ಪುಟ ಮೂರನ್ನೂ ಉಳಿಸಿಕೊಂಡಿರಬೇಕು. ಬಂದ ಹಣವನ್ನೂ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ತಾಳೆ ನೋಡಿ. ವಿದೇಶಿ ನಾಣ್ಯದಲ್ಲಿ ಕಟ್ಟಿದ್ದರೆ, ಕಾರ್ಡಿನ ಬ್ಯಾಂಕ್ ಕಟ್ಟುವಾಗ ಹಾಕಿದ ಮಾರ್ಕ್‌ಅಪ್ ವಾಪಸ್ ಬರುವುದು ಖಚಿತವಿಲ್ಲ, ವಿನಿಮಯ ದರವೂ ಅಷ್ಟರಲ್ಲಿ ಬದಲಾಗಿರುತ್ತದೆ. ಆ ಕೆಲವು ನೂರು ರೂಪಾಯಿಯನ್ನೂ ಹನೋಯ್ ಟಿಕೆಟ್‌ನ ರದ್ದತಿ ದಂಡವನ್ನೂ ಒಂದೇ ಪತ್ರದಲ್ಲಿ, ಬಿಲ್ ಲಗತ್ತಿಸಿ, ಸಂಸ್ಥೆಗೆ ಬರೆದು ಕೇಳಿ. ಅಮೆರಿಕದ ಮಾರ್ಗವಾದರೆ ಅದೇ ಪತ್ರದ ಪ್ರತಿಯೊಂದಿಗೆ ಅಲ್ಲಿನ ಸಾರಿಗೆ ಇಲಾಖೆಗೂ ಆನ್‌ಲೈನ್‌ನಲ್ಲಿ ದೂರು ಕೊಡಬಹುದು.