ರಾತ್ರಿಯ ಲೆಕ್ಕ ತಡವಾದಾಗ ಬೆಳಗಿನ ಐದಕ್ಕೆ ಏನು ಬರೆಯಬೇಕು?

ಶಾಖೆಯ ಬಾಗಿಲು ಹಾಕಿದ ಮೇಲೂ ಬ್ಯಾಂಕಿನ ಕೆಲಸ ಮುಗಿದಿರುವುದಿಲ್ಲ. ಕೇಂದ್ರ ಕಂಪ್ಯೂಟರಿನಲ್ಲಿ ರಾತ್ರಿಯಿಡೀ ‘ಡೇ ಎಂಡ್’ ನಡೆಯುತ್ತಿರುತ್ತದೆ. ಆ ದಿನದ ವಹಿವಾಟು ಮುಚ್ಚಬೇಕು, ಪ್ರತಿ ಖಾತೆಯ ಬಡ್ಡಿ ಲೆಕ್ಕ ಹಾಕಬೇಕು, ಮರುದಿನ ಕಡಿತವಾಗಬೇಕಾದ ಸಾಲದ ಕಂತುಗಳನ್ನು ಸಿದ್ಧಮಾಡಬೇಕು, ಜಮಾ ಖರ್ಚು ತಾಳೆಯಾಗಬೇಕು. ಇದೆಲ್ಲ ಆದ ಮೇಲೆಯೇ ಬ್ಯಾಂಕಿನ ತಾರೀಖು ಮುಂದಕ್ಕೆ ಹೋಗುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಜುಲೈ 1 ಬಂದಿದ್ದರೂ, ಡೇ ಎಂಡ್ ಮುಗಿಯದಿದ್ದರೆ ಲೆಕ್ಕದ ಪುಸ್ತಕ ಇನ್ನೂ ಜೂನ್ 30ರಲ್ಲೇ ಇರುತ್ತದೆ.

ತ್ರೈಮಾಸಿಕ ಮುಗಿಯುವ ರಾತ್ರಿ ಈ ಕೆಲಸ ಇನ್ನೂ ಭಾರ. 2010ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಉಳಿತಾಯ ಖಾತೆಯ ಬಡ್ಡಿಯನ್ನು ದಿನದ ಕೊನೆಯ ಶಿಲ್ಕಿನ ಮೇಲೆ ಪ್ರತಿದಿನ ಲೆಕ್ಕ ಹಾಕುತ್ತಾರೆ. ಹಾಗೆ ಸೇರುತ್ತ ಬಂದ ಮೊತ್ತವನ್ನು ಖಾತೆಗೆ ಜಮಾ ಮಾಡುವುದು ಬಹಳಷ್ಟು ಕಡೆ ಇಂಥ ರಾತ್ರಿಯೇ. ಹನ್ನೆರಡು ಲಕ್ಷ ಉಳಿತಾಯ ಖಾತೆಗಳಿರುವ ಒಂದು ಬ್ಯಾಂಕನ್ನು ಊಹಿಸಿಕೊಳ್ಳಿ. ಬಡ್ಡಿ ಜಮಾ ಕೆಲಸ ರಾತ್ರಿ 12:30ಕ್ಕೆ ಶುರುವಾಗಿ 3:30ರ ಹೊತ್ತಿಗೆ ಮುಗಿಯಬೇಕು. ಅದರ ಹಿಂದಿನ ಉಳಿದ ಕೆಲಸಗಳಿಗೆ ಎರಡೂವರೆ ಗಂಟೆ. ಬೆಳಗ್ಗೆ ಆರಕ್ಕೆ ಹೊಸ ತಾರೀಖು.

ಆ ರಾತ್ರಿ 1:15ಕ್ಕೆ, 3,10,000 ಖಾತೆ ಮುಗಿದಿದ್ದಾಗ, ಎಣಿಕೆ ನಿಂತುಬಿಡುತ್ತದೆ. ಬೇರೊಂದು ವಿಭಾಗದ ವರದಿ ತಯಾರಿಸುವ ಪ್ರೋಗ್ರಾಂ ಅದೇ ಸಮಯಕ್ಕೆ ಎದ್ದು ಖಾತೆಗಳ ಕೋಷ್ಟಕವನ್ನು ಲಾಕ್ ಮಾಡಿಕೊಂಡಿದೆ, ಬಡ್ಡಿ ಪ್ರೋಗ್ರಾಂ ಅದು ಬಿಡಲಿ ಎಂದು ಕಾಯುತ್ತಿದೆ. ಕೆಲಸ ಸೋತು ನಿಂತಿದ್ದರೆ ಎಚ್ಚರಿಕೆಯ ಗಂಟೆ ಹೊಡೆಯುತ್ತಿತ್ತು. ಇದು ಸೋತಿಲ್ಲ, ಬರೀ ಕಾಯುತ್ತಿದೆ. ಹಾಗಾಗಿ ಪರದೆಯ ಮೇಲೆ ‘ನಡೆಯುತ್ತಿದೆ’ ಎಂದೇ ಕಾಣುತ್ತದೆ. ಮುಗಿಯಬೇಕಾದ ಹೊತ್ತು ದಾಟಿದ ಮೇಲೆ, 3:40ಕ್ಕೆ, ರಾತ್ರಿ ಪಾಳಿಯವರಿಗೆ ಅನುಮಾನ ಬರುತ್ತದೆ. ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿದಾಗಲೂ ಅದೇ ಸಂಖ್ಯೆ.

ಇಲ್ಲಿ ಅವಸರಪಟ್ಟರೆ ಅನಾಹುತ. ಬಡ್ಡಿ ಪ್ರೋಗ್ರಾಮನ್ನು ನಿಲ್ಲಿಸಿ ಮೊದಲಿನಿಂದ ಓಡಿಸಿದರೆ, ಆಗಲೇ ಮುಗಿದ ಮೂರು ಲಕ್ಷ ಚಿಲ್ಲರೆ ಖಾತೆಗಳಿಗೆ ಎರಡು ಸಲ ಬಡ್ಡಿ ಬೀಳಬಹುದು. ಆದ್ದರಿಂದ ಮೇಲಧಿಕಾರಿಯ ಅನುಮತಿ ಪಡೆದು 4:20ಕ್ಕೆ ವರದಿ ಪ್ರೋಗ್ರಾಮನ್ನು ಮಾತ್ರ ನಿಲ್ಲಿಸುತ್ತಾರೆ. ಬಡ್ಡಿ ಪ್ರೋಗ್ರಾಂ ಸಾವಿರ ಖಾತೆಗೊಮ್ಮೆ ತನ್ನ ಕೆಲಸವನ್ನು ಖಾಯಂ ಮಾಡುತ್ತ ಬಂದಿರುತ್ತದೆ. ಕೊನೆಯ ಗುರುತು 3,10,000 ಎಂದು ಖಚಿತಪಡಿಸಿಕೊಂಡು 4:35ಕ್ಕೆ ಅಲ್ಲಿಂದ ಮುಂದುವರಿಸುತ್ತಾರೆ. ಉಳಿದ 8,90,000 ಖಾತೆಗಳಿಗೆ ಸುಮಾರು ಎರಡು ಗಂಟೆ ಹತ್ತು ನಿಮಿಷ, ಮೇಲೆ ಎರಡೂವರೆ ಗಂಟೆಯ ಉಳಿದ ಕೆಲಸ, ಕೊನೆಗೆ ತಾಳೆ. ಒಂಬತ್ತೂ ಮುಕ್ಕಾಲು ಆಗಬಹುದು. ಶಾಖೆಗಳು ತೆರೆಯುವುದು ಹತ್ತಕ್ಕೆ.

ಐದು ಗಂಟೆಗೆ ಹೊರಡುವ ಸಂದೇಶವನ್ನು ಓದುವವರು ಶಾಖಾ ವ್ಯವಸ್ಥಾಪಕರು, ಎಟಿಎಂ ಮತ್ತು ಯುಪಿಐ ನೋಡಿಕೊಳ್ಳುವವರು, ಗ್ರಾಹಕರ ಕರೆಗೆ ಉತ್ತರಿಸುವವರು, ಪ್ರಧಾನ ಕಚೇರಿಯ ಲೆಕ್ಕಪತ್ರ ವಿಭಾಗದವರು. ಇವರಲ್ಲಿ ಯಾರಿಗೂ ಲಾಕ್ ಎಂದರೇನು ಎಂಬುದು ಆಗ ಬೇಕಿಲ್ಲ. ಆದರೂ ತಂತ್ರಜ್ಞರ ಕೈ ಮೊದಲು ಹೋಗುವುದು ಕಾರಣದ ಕಡೆಗೇ. ಎರಡು ಪುಟ ಕಾರಣ ಬರೆದು, ಶಾಖೆಯವರು ಏನು ಮಾಡಬೇಕೆಂಬುದನ್ನು ಕೊನೆಯ ಸಾಲಿಗೆ ತಳ್ಳಿದ ಸಂದೇಶ ಎಷ್ಟೇ ನಿಖರವಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಒಳ್ಳೆಯ ಸಂದೇಶ ಹೀಗಿರುತ್ತದೆ:

“ಜೂನ್ 30ರ ಡೇ ಎಂಡ್ ತಡವಾಗಿದೆ. ಬೆಳಗ್ಗೆ 10:15ರ ಒಳಗೆ ಹೊಸ ತಾರೀಖು ತೆರೆಯುವ ನಿರೀಕ್ಷೆ ಇದೆ. ಅಲ್ಲಿಯವರೆಗೆ ಶಾಖೆಯ ಪರದೆಯಲ್ಲಿ ಜೂನ್ 30ರ ಶಿಲ್ಕು ಕಾಣುತ್ತದೆ, ಕೆಲವು ಖಾತೆಗಳಿಗೆ ಮಾತ್ರ ಬಡ್ಡಿ ಸೇರಿರುತ್ತದೆ. ಎಟಿಎಂ, ಯುಪಿಐ ನಡೆಯುತ್ತಿವೆ. ಬಡ್ಡಿಯನ್ನಾಗಲಿ ಕಂತನ್ನಾಗಲಿ ಯಾರೂ ಕೈಯಿಂದ ನಮೂದಿಸಬೇಡಿ. ಇಂದಿನ ಕಂತುಗಳು ತಡವಾಗಿ ಕಡಿತವಾದರೂ ಜುಲೈ 1ರ ತಾರೀಖಿನಲ್ಲೇ ದಾಖಲಾಗುತ್ತವೆ, ದಂಡ ಬೀಳುವುದಿಲ್ಲ. ಮುಂದಿನ ಮಾಹಿತಿ 7 ಗಂಟೆಗೆ.”

ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ‘ಕೈಯಿಂದ ನಮೂದಿಸಬೇಡಿ’ ಎಂಬ ಮಾತು. ಕೌಂಟರಿನ ಮುಂದೆ ಪಿಂಚಣಿದಾರರು ನಿಂತು “ಬಡ್ಡಿ ಯಾಕೆ ಬಂದಿಲ್ಲ ಸಾರ್?” ಎಂದು ಕೇಳಿದಾಗ, ಒಳ್ಳೆಯ ಮನಸ್ಸಿನ ಗುಮಾಸ್ತರು ತಾವೇ ಜಮಾ ಹಾಕಿಬಿಡುವ ಸಾಧ್ಯತೆ ಇದೆ. ಒಂದು ತಾಸಿನಲ್ಲಿ ಯಂತ್ರವೂ ಅದನ್ನೇ ಜಮಾ ಮಾಡುತ್ತದೆ. ಅಷ್ಟರಲ್ಲಿ ಗ್ರಾಹಕರು ಹಣ ತೆಗೆದಿದ್ದರೆ ವಾಪಸು ಕೇಳುವುದು ಎಷ್ಟು ಮುಜುಗರ! ತಡವಾದ ಲೆಕ್ಕ ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತದೆ, ತಪ್ಪಾದ ಲೆಕ್ಕವನ್ನು ಸರಿಪಡಿಸಲು ವಾರಗಳೇ ಬೇಕು.

ಸಮಯವನ್ನು 9:45 ಎನ್ನದೆ 10:15 ಎಂದು ಬರೆದದ್ದಕ್ಕೂ ಕಾರಣವಿದೆ. ಒಮ್ಮೆ ಹೇಳಿದ ಹೊತ್ತು ತಪ್ಪಿದರೆ ಮುಂದಿನ ಸಂದೇಶವನ್ನು ಯಾರೂ ನಂಬುವುದಿಲ್ಲ, ಪ್ರತಿಯೊಬ್ಬರೂ ರಾತ್ರಿ ಪಾಳಿಯವರಿಗೇ ಫೋನ್ ಮಾಡುತ್ತಾರೆ. ಫೋನ್ ಎತ್ತುವವರೇ ತಾಳೆ ನೋಡಬೇಕಾದವರು. ಏಳು ಗಂಟೆಗೆ ಹೊಸದೇನೂ ಇಲ್ಲದಿದ್ದರೂ ‘ಹೊಸದೇನಿಲ್ಲ, ಲೆಕ್ಕ ಅಂದಾಜಿನಂತೆ ಸಾಗಿದೆ’ ಎಂದು ಬರೆಯಲೇಬೇಕು.

ಸರಿಪಡಿಸುವ ಆತುರವೇ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಸಮೂಹದ ಕಥೆ ಇದೆ. 2012ರ ಜೂನ್‌ನಲ್ಲಿ ಅಲ್ಲಿ ರಾತ್ರಿಯ ಕೆಲಸಗಳನ್ನು ಸಾಲಾಗಿ ನಡೆಸುವ ತಂತ್ರಾಂಶವನ್ನು ನವೀಕರಿಸಿದರು. ಏನೋ ಸರಿಯಿಲ್ಲ ಅನ್ನಿಸಿತು. ತೆಗೆದುಹಾಕಿದರೆ ಏನಾಗುತ್ತದೆಂದು ಪರೀಕ್ಷಿಸದೆಯೇ ನವೀಕರಣವನ್ನು ಹಿಂದಕ್ಕೆ ತೆಗೆದರು. ಇಂದಿನ ಡೇ ಎಂಡ್ ನಿನ್ನೆಯದರ ಮೇಲೆ ನಿಂತಿರುತ್ತದೆ, ಒಂದು ರಾತ್ರಿ ಮುಗಿಯದಿದ್ದರೆ ಮುಂದಿನದು ಶುರುವಾಗುವಂತಿಲ್ಲ. ಹಾಗೆ ರಾತ್ರಿಗಳು ಒಂದರ ಹಿಂದೊಂದು ಬಾಕಿ ಬಿದ್ದು, 65 ಲಕ್ಷಕ್ಕೂ ಹೆಚ್ಚು ಗ್ರಾಹಕರು ತೊಂದರೆಗೊಳಗಾದರು. ಸಮೂಹದ ಅಲ್ಸ್ಟರ್ ಬ್ಯಾಂಕಿನ ಗ್ರಾಹಕರ ಪಾಡು ಜುಲೈವರೆಗೂ ಎಳೆಯಿತು. 2014ರ ನವೆಂಬರಿನಲ್ಲಿ ಅಲ್ಲಿನ ಎರಡು ನಿಯಂತ್ರಣ ಸಂಸ್ಥೆಗಳು ಸೇರಿ 5.6 ಕೋಟಿ ಪೌಂಡ್ ದಂಡ ವಿಧಿಸಿದವು.

ನಮ್ಮ ಉದಾಹರಣೆಯ ಬ್ಯಾಂಕಿನಲ್ಲಿ ಬಡ್ಡಿ ಕೆಲಸ 6:45ಕ್ಕೆ ಮುಗಿಯುತ್ತದೆ. ತಾರೀಖು ತೆರೆಯುವ ಮೊದಲು ಎರಡು ಪ್ರಶ್ನೆ ಕೇಳುತ್ತಾರೆ. ಎಲ್ಲ ಖಾತೆಗಳಿಗೆ ಹೋದ ಬಡ್ಡಿಯ ಒಟ್ಟು ಮೊತ್ತವೂ ಬ್ಯಾಂಕಿನ ಬಡ್ಡಿ ವೆಚ್ಚದ ಖಾತೆಯಲ್ಲಿ ಖರ್ಚು ಬಿದ್ದ ಮೊತ್ತವೂ ಒಂದೇ ಇದೆಯೇ? ಒಂದೇ ಖಾತೆಗೆ ಎರಡು ಸಲ ಜಮಾ ಆದದ್ದು ಎಷ್ಟಿದೆ? ಎರಡನೆಯದಕ್ಕೆ ಉತ್ತರ ಸೊನ್ನೆಯೇ ಆಗಿರಬೇಕು. ಬರೀ ಒಟ್ಟು ಮೊತ್ತ ತಾಳೆಯಾದರೆ ಸಾಲದು, ಎರಡು ಸಲ ಜಮಾ ಆಗಿದ್ದರೆ ಖರ್ಚೂ ಎರಡು ಸಲ ಬಿದ್ದು ತಾಳೆ ಸರಿಯಾಗಿಯೇ ಕಾಣುತ್ತದೆ.

9:40ಕ್ಕೆ ಹೋಗುವ ಕೊನೆಯ ಸಂದೇಶದಲ್ಲಿ ಕಾರಣಕ್ಕೆ ಜಾಗ ಸಿಗುತ್ತದೆ, ಅದೂ ಎರಡೇ ವಾಕ್ಯದಲ್ಲಿ: ವರದಿ ಪ್ರೋಗ್ರಾಂ ಬಡ್ಡಿ ಕೆಲಸವನ್ನು ತಡೆದಿತ್ತು, ಅದನ್ನು ನಿಲ್ಲಿಸಿ ನಿಂತಲ್ಲಿಂದಲೇ ಮುಂದುವರಿಸಿದೆವು. ತಾಳೆ ನೋಡಿದ್ದೇವೆ, ಎರಡು ಸಲ ಜಮಾ ಆದ ಖಾತೆ ಒಂದೂ ಇಲ್ಲ. ನಿಂತುಹೋದ ವರದಿ ಮಧ್ಯಾಹ್ನ ಸಿಗುತ್ತದೆ. ಇಂದಿನಿಂದ ಬಡ್ಡಿ ಕೆಲಸ ಮುಗಿಯುವವರೆಗೆ ಆ ಪ್ರೋಗ್ರಾಂ ಏಳುವುದಿಲ್ಲ, ಎಣಿಕೆ ಹದಿನೈದು ನಿಮಿಷ ಕದಲದಿದ್ದರೆ ಗಂಟೆ ಹೊಡೆಯುತ್ತದೆ. ಬೆಳಗ್ಗೆ ಸಂದೇಶ ನೋಡುವ ಮೊದಲೇ ಯಾರಾದರೂ ಬಡ್ಡಿ ಅಥವಾ ಕಂತಿನ ವೋಚರ್ ಹಾಕಿದ್ದರೆ, ಅದನ್ನು ತಾವೇ ರದ್ದು ಮಾಡದೆ ಖಾತೆ ಸಂಖ್ಯೆಯೊಂದಿಗೆ ಮಧ್ಯಾಹ್ನ ಹನ್ನೆರಡರೊಳಗೆ ಕೇಂದ್ರಕ್ಕೆ ತಿಳಿಸಬೇಕು.